ಪ್ರಚಲಿತ ವಿದ್ಯಮಾನಕ್ಕೆ ಮೂವತ್ತೈದೇ ನಿಮಿಷ

ಬ್ಯಾಂಕ್ ಪರೀಕ್ಷೆಗೆ ಓದ್ತಿರೋ ನಮ್ಮ ಹುಡುಗ ಹುಡುಗಿಯರು ಎಲ್ಲೇ ಸಿಕ್ಕರೂ ಕೇಳೋ ಪ್ರಶ್ನೆ ಒಂದೇ. ಗಣಿತಕ್ಕೆ, ರೀಸನಿಂಗ್‌ಗೇ ದಿನ ಸಾಲಲ್ಲ, ಇನ್ನು ಕರೆಂಟ್ ಅಫೇರ್ಸ್ ಯಾವಾಗ ಓದೋದು? ಇವತ್ತು ಅದನ್ನೇ ಮಾತಾಡೋಣ. ಪಿಒ ಪರೀಕ್ಷೆಯನ್ನ ಉದಾಹರಣೆಯಾಗಿ ಇಟ್ಟುಕೊಳ್ತೀನಿ, ಯಾಕಂದ್ರೆ ಅದಕ್ಕೆ ನಾನು ಮೂರು ಸಲ ಕೂತವನು.

ಮೊದಲ ಸಲ ನಾನು ಮಾಡಿದ ಲೆಕ್ಕಾಚಾರ ಹೀಗಿತ್ತು. ಪ್ರಿಲಿಮ್ಸ್‌ನಲ್ಲಿ ಇರೋದು ಇಂಗ್ಲಿಷ್, ಗಣಿತ, ರೀಸನಿಂಗ್ ಮೂರೇ. ಸಾಮಾನ್ಯ ಜ್ಞಾನದ ಒಂದು ಪ್ರಶ್ನೆಯೂ ಇಲ್ಲ. ಹಾಗಾಗಿ ಪ್ರಿಲಿಮ್ಸ್ ಮುಗಿದ ಮೇಲೆ ನೋಡಿಕೊಂಡರಾಯ್ತು ಅಂದುಕೊಂಡೆ. ಪಾಸೂ ಆದೆ. ಆದರೆ ಮೇನ್ಸ್‌ನಲ್ಲಿ ಜನರಲ್, ಎಕಾನಮಿ, ಬ್ಯಾಂಕಿಂಗ್ ಅವೇರ್‌ನೆಸ್ ಅಂತ ಒಂದು ಇಡೀ ವಿಭಾಗವೇ ಇದೆ, ಕೈಯಲ್ಲಿ ಉಳಿದಿದ್ದು ಕೆಲವೇ ವಾರ. ಆರು ತಿಂಗಳ ಸುದ್ದಿಯನ್ನ ಪಿಡಿಎಫ್‌ಗಳಲ್ಲಿ ಒಟ್ಟಿಗೆ ನುಂಗಿದೆ. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಯೂ ಎಲ್ಲೋ ನೋಡಿದ ಹಾಗೆ ಇತ್ತು, ಒಂದಕ್ಕೂ ಖಚಿತ ಉತ್ತರ ಇರಲಿಲ್ಲ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದಲ್ಲಿ ಕಾಲು ಭಾಗ ಕಳೀತಾರಲ್ಲ, ಅಲ್ಲೇ ಮುಳುಗಿದ್ದು ನಾನು. ಏನೂ ಗೊತ್ತಿಲ್ಲದವನು ಪ್ರಶ್ನೆ ಬಿಟ್ಟು ಮುಂದೆ ಹೋಗ್ತಾನೆ. ಅರ್ಧ ಗೊತ್ತಿರೋನು ಗುರುತು ಹಾಕಿ ಅಂಕ ಕಳಕೊಳ್ತಾನೆ.

ಎರಡನೇ ಸಲ ಇದರ ಉಲ್ಟಾ ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ಎರಡು ಗಂಟೆ ಪೇಪರ್, ನೋಟ್ಸ್. ಅದು ನನ್ನ ತಲೆ ಚುರುಕಾಗಿರೋ ಹೊತ್ತು. ಅಷ್ಟನ್ನೂ ಪೇಪರ್‌ಗೆ ಕೊಟ್ಟು, ಗಣಿತಕ್ಕೆ ಆಫೀಸಿಂದ ಬಂದ ಮೇಲಿನ ಸುಸ್ತಿನ ಹೊತ್ತು ಇಟ್ಟೆ. ಆ ಸಲ ಪ್ರಿಲಿಮ್ಸೇ ಹೋಯ್ತು. ಮೂರು ದಪ್ಪ ನೋಟ್‌ಬುಕ್ ತುಂಬಿತ್ತು, ಅದನ್ನ ತೋರಿಸೋಕೆ ಮೇನ್ಸೇ ಇರಲಿಲ್ಲ!

ಆಮೇಲೆ ಕೂತು ಯೋಚನೆ ಮಾಡಿದಾಗ ಗೊತ್ತಾಯ್ತು, ಸಮಯ ತಿಂತಾ ಇದ್ದಿದ್ದು ಓದು ಅಲ್ಲ. ಒಂದು, ಯಾವುದನ್ನ ಓದಬೇಕು ಅಂತ ನಿರ್ಧಾರ ಮಾಡೋದು. ಇನ್ನೊಂದು, ಸುದ್ದಿಯನ್ನ ಸುದ್ದಿಯ ಹಾಗೇ ಬರೆದುಕೊಳ್ಳೋದು. ಇವೆರಡನ್ನ ಸರಿಮಾಡಿದರೆ ಮೂವತ್ತೈದು ನಿಮಿಷ ಸಾಕು.

ಆ ಮೂವತ್ತೈದು ನಿಮಿಷವನ್ನ ಎಲ್ಲಿ ಇಡಬೇಕು ಅನ್ನೋದು ಮುಖ್ಯ. ಅದರ ಕೊನೆಯಲ್ಲಿ ಒಂದು ಗೋಡೆ ಇರಬೇಕು. ನನಗೆ ಆ ಗೋಡೆ ಡೊಂಬಿವಲಿಯ ಬೆಳಗಿನ ಲೋಕಲ್. ಅದು ನನಗಾಗಿ ಕಾಯಲ್ಲ, ಹಾಗಾಗಿ ಪೇಪರ್ ಮುಚ್ಚಲೇಬೇಕು. ರಾತ್ರಿ ಊಟ ಆದ ಮೇಲೆ ಇಟ್ಟರೆ ಮೂವತ್ತೈದು ನಿಮಿಷ ಒಂದೂವರೆ ಗಂಟೆ ಆಗಿರುತ್ತೆ, ನಿಮಗೆ ಗೊತ್ತೇ ಆಗಲ್ಲ. ಬೆಳಗಿನ ಹೊತ್ತೇ ನಿಮ್ಮ ಗಣಿತದ ಹೊತ್ತಾದರೆ, ಮೊದಲು ಗಣಿತ, ಹೊರಡೋ ಮುಂಚಿನ ಕೊನೆಯ ತುಂಡು ಪೇಪರ್‌ಗೆ.

ಮೊದಲ ಐದು ನಿಮಿಷ ಹೊಸ ಪೇಪರ್ ಮುಟ್ಟಬೇಡಿ. ನಿನ್ನೆ ಬರೆದ ಸಾಲುಗಳ ಉತ್ತರ ಮುಚ್ಚಿ, ಪ್ರಶ್ನೆ ನೋಡಿ ಉತ್ತರ ಹೇಳಿಕೊಳ್ಳಿ. ಆಮೇಲೆ ಇಪ್ಪತ್ತು ನಿಮಿಷ ಓದು. ಕೊನೆಯ ಹತ್ತು ನಿಮಿಷದಲ್ಲಿ ಹೆಚ್ಚೆಂದರೆ ಐದು ಸಾಲು ಬರೆಯೋದು, ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ. ಐದಕ್ಕಿಂತ ಜಾಸ್ತಿ ಬರೆಯಬೇಕು ಅನ್ನಿಸಿದರೆ ಬರೆದ ಒಂದನ್ನ ಹೊಡೆದು ಹಾಕಿ. ಈ ಮಿತಿ ಇದ್ದರೇ ಆಯ್ಕೆ ಮಾಡೋದು ಕಲೀತೀವಿ.

ಈಗ ಯಾವುದನ್ನ ಓದಬೇಕು ಅನ್ನೋದು. ಇದಕ್ಕೆ ನನ್ನ ಹತ್ತಿರ ಒಂದು ಸುಲಭದ ಜರಡಿ ಇದೆ. ತಲೆಬರಹದ ಕೊನೆಯ ಪದ ನೋಡಿ. ‘ಆಗ್ರಹ’, ‘ವಾಗ್ದಾಳಿ’, ‘ಕಿಡಿ’, ‘ಸಾಧ್ಯತೆ’, ‘ಚಿಂತನೆ’ ಅಂತ ಇದ್ದರೆ ದಾಟಿ ಹೋಗಿ. ಅದು ಇನ್ನೂ ಆಗಿಲ್ಲ, ಆಗದೇ ಇರೋದನ್ನ ಪರೀಕ್ಷೆಯಲ್ಲಿ ಕೇಳೋಕೆ ಬರಲ್ಲ. ‘ನೇಮಕ’, ‘ಜಾರಿ’, ‘ಬಿಡುಗಡೆ’, ‘ಪ್ರಶಸ್ತಿ ಪ್ರದಾನ’, ‘ಇಳಿಕೆ’, ‘ಒಪ್ಪಂದಕ್ಕೆ ಸಹಿ’ ಅಂತ ಇದ್ದರೆ ನಿಲ್ಲಿ. ಏನೋ ಒಂದು ನಡೆದು ಮುಗಿದಿದೆ. ಅದಕ್ಕೊಂದು ಹೆಸರು, ಒಂದು ಸಂಖ್ಯೆ, ಒಂದು ದಿನಾಂಕ ಇರುತ್ತೆ. ಮುಖಪುಟದಲ್ಲಿ ಇಂಥದ್ದು ಸಾಮಾನ್ಯವಾಗಿ ಒಂದೋ ಎರಡೋ, ಉಳಿದಿದ್ದು ವಾಣಿಜ್ಯ ಪುಟದಲ್ಲಿ. ಸರ್ಕಾರಿ ಯೋಜನೆ ಬಗ್ಗೆ ಅನುಮಾನ ಬಂದರೆ pib.gov.in ನೋಡಿ, ಆದರೆ ಅಲ್ಲೇ ಅಲೆದಾಡಬೇಡಿ.

ಒಂದು ನಿಜವಾದ ದಿನ ತಗೊಳ್ಳೋಣ. 2025ರ ಜೂನ್ 6, ಶುಕ್ರವಾರ. ರಿಸರ್ವ್ ಬ್ಯಾಂಕ್ ರೆಪೊ ದರವನ್ನ 50 ಬೇಸಿಸ್ ಪಾಯಿಂಟ್, ಅಂದರೆ ಅರ್ಧ ಪರ್ಸೆಂಟ್ ಇಳಿಸಿ 5.50 ಮಾಡ್ತು. ಆಗ ನಮ್ಮಕ್ಕನ ಮಗಳು ಪಿಒಗೆ ಓದ್ತಾ ಇದ್ದಳು, ಠಾಣೆಯಲ್ಲಿ ಕೆಲಸ. ಮಾರನೇ ದಿನ ನೋಟ್‌ಬುಕ್ ತಂದು ತೋರಿಸಿದಳು. ಆ ಒಂದು ಸುದ್ದಿಗೇ ಮೂರು ಪುಟ! ಗೃಹಸಾಲದ ಕಂತು ಎಷ್ಟು ಇಳಿಯುತ್ತೆ, ಸೆನ್ಸೆಕ್ಸ್ ಎಷ್ಟು ಏರ್ತು, ಉದ್ಯಮಿಗಳು ಏನಂದ್ರು, ಎಲ್ಲ ಇತ್ತು.

“ಇಎಂಐ ಲೆಕ್ಕ ಬೇಡ್ವಾ ಮಾಮ?” ಅಂದಳು.

“ಅದು ಸಾಲ ಇರೋರಿಗೆ ಬೇಕು ಕಣೇ, ನಿನಗೆ ಬೇಡ” ಅಂದೆ.

ಇಬ್ಬರೂ ಕೂತು ನಾಲ್ಕು ಸಾಲಿಗೆ ಇಳಿಸಿದೆವು. ರೆಪೊ 6.00ರಿಂದ 5.50. ಸಿಆರ್‌ಆರ್ ನಾಲ್ಕರಿಂದ ಮೂರು ಪರ್ಸೆಂಟ್, ಒಂದೇ ಸಲ ಅಲ್ಲ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಾಲ್ಕು ಕಂತಿನಲ್ಲಿ, ಪ್ರತಿ ಸಲ ಕಾಲು ಪರ್ಸೆಂಟ್. ನಿಲುವು ‘ಅಕಾಮಡೇಟಿವ್’ನಿಂದ ‘ನ್ಯೂಟ್ರಲ್’. 2025–26ಕ್ಕೆ ಹಣದುಬ್ಬರದ ಅಂದಾಜು 3.7, ಜಿಡಿಪಿ ಬೆಳವಣಿಗೆಯ ಅಂದಾಜು 6.5. ಅಷ್ಟೇ.

“ಎಸ್‌ಡಿಎಫ್, ಎಂಎಸ್‌ಎಫ್ ದರ ಬಿಟ್ಟುಹೋಯ್ತಲ್ಲ?” ಅಂದಳು. ಅಲ್ಲೇ ಇರೋದು ಗುಟ್ಟು. ಅವು ಬೇರೆ ಸುದ್ದಿ ಅಲ್ಲ, ಒಂದೇ ಬೇರಿನ ಕೊಂಬೆಗಳು. ಬ್ಯಾಂಕುಗಳು ಹೆಚ್ಚುವರಿ ಹಣವನ್ನ ರಿಸರ್ವ್ ಬ್ಯಾಂಕ್‌ನಲ್ಲಿ ಇಡೋ ದರ ಎಸ್‌ಡಿಎಫ್, ಅದು ರೆಪೊಗಿಂತ ಕಾಲು ಪರ್ಸೆಂಟ್ ಕೆಳಗೆ. ತುರ್ತಿಗೆ ಸಾಲ ತಗೊಳ್ಳೋ ದರ ಎಂಎಸ್‌ಎಫ್, ಅದು ಕಾಲು ಪರ್ಸೆಂಟ್ ಮೇಲೆ. ಬ್ಯಾಂಕ್ ರೇಟ್ ಎಂಎಸ್‌ಎಫ್‌ನಷ್ಟೇ. ಹಾಗಾದ್ರೆ ರೆಪೊ 5.50 ಅಂತ ಗೊತ್ತಾದರೆ 5.25, 5.75 ತಾವೇ ಬಂದವು. ಈ ಅಂತರ ಬದಲಾಗದಿರೋ ತನಕ ಮೂರು ಸಂಖ್ಯೆಯ ಬದಲು ಒಂದೇ ನೆನಪಿಟ್ಟುಕೊಂಡರೆ ಸಾಕು. ಹಣಕಾಸು ನೀತಿ ಸಮಿತಿಯಲ್ಲಿ ಆರು ಜನ, ಮೂವರು ರಿಸರ್ವ್ ಬ್ಯಾಂಕ್‌ನವರು, ಮೂವರು ಕೇಂದ್ರ ಸರ್ಕಾರ ನೇಮಿಸಿದವರು. ಹಣದುಬ್ಬರದ ಗುರಿ ನಾಲ್ಕು, ಎರಡು ಮೇಲೆ ಕೆಳಗೆ. ಇದು ಒಂದೇ ಸಲ ಓದಿಟ್ಟುಕೊಳ್ಳೋ ಬೇರಿನ ವಿಷಯ. ಇದಕ್ಕೆ ದಿನದ ಮೂವತ್ತೈದು ನಿಮಿಷ ಖರ್ಚು ಮಾಡಬೇಡಿ, ಭಾನುವಾರ ಅರ್ಧ ಗಂಟೆ ಕೊಡಿ.

ಇನ್ನೊಂದು ಎಚ್ಚರಿಕೆ. ರೆಪೊದಂಥ ಸಂಖ್ಯೆಗಳನ್ನ ದಿನದ ಸಾಲುಗಳ ನಡುವೆ ಬಿಟ್ಟರೆ ಆಪತ್ತು. 2025ರಲ್ಲೇ ನೋಡಿ, ಫೆಬ್ರವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6.00, ಜೂನ್‌ನಲ್ಲಿ 5.50, ಡಿಸೆಂಬರ್‌ನಲ್ಲಿ 5.25. ನಾಲ್ಕೂ ನೋಟ್‌ಬುಕ್‌ನಲ್ಲಿ ಬೇರೆ ಬೇರೆ ಕಡೆ ಇದ್ದರೆ ಪರೀಕ್ಷೆಯಲ್ಲಿ ನಾಲ್ಕೂ ನೆನಪಿಗೆ ಬರುತ್ತವೆ, ಮತ್ತು ನಾಲ್ಕೂ ಆಯ್ಕೆಯಲ್ಲೂ ಇರುತ್ತವೆ! ಅದಕ್ಕೇ ನೋಟ್‌ಬುಕ್‌ನ ಕೊನೆಯ ಪುಟವನ್ನ ಬದಲಾಗೋ ಸಂಖ್ಯೆಗಳಿಗೆ, ಹುದ್ದೆಯಲ್ಲಿರೋರ ಹೆಸರಿಗೆ ಮೀಸಲಿಡಿ. ಪೆನ್ಸಿಲ್‌ನಲ್ಲೇ ಬರೀರಿ. ಹೊಸದು ಬಂದರೆ ಹಳೆಯದನ್ನ ಅಳಿಸಿ.

ನಾವು ಕನ್ನಡದವರು ಜಾರೋ ಒಂದು ಜಾಗ ಹೇಳ್ತೀನಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ, ಸಿಕ್ಕ ಲೇಖನವನ್ನೆಲ್ಲ ಓದಿದ್ದೇ ಓದಿದ್ದು. ಓದಿ, ಖಂಡಿತ ಓದಿ, ಆದರೆ ಅದು ಖುಷಿಯ ಲೆಕ್ಕಕ್ಕೆ ಹೋಗಲಿ. ಪರೀಕ್ಷೆಯ ಸಾಲು ಇಷ್ಟೇ: ಕನ್ನಡದ ಕೃತಿಗೆ ಮೊದಲ ಸಲ, ಕಥಾಸಂಕಲನಕ್ಕೂ ಮೊದಲ ಸಲ; ಅನುವಾದಕಿ ದೀಪಾ ಭಾಸ್ತಿ, ಬಹುಮಾನದ 50,000 ಪೌಂಡ್ ಇಬ್ಬರಿಗೂ ಸಮಪಾಲು. ಪಕ್ಕದಲ್ಲಿ ಬೇರಿನ ಸಾಲು: ಹಿಂದಿಯ ಗೀತಾಂಜಲಿ ಶ್ರೀ ಅವರಿಗೆ ಬಂದಿದ್ದು 2022ರಲ್ಲಿ, ಅದೂ ಇಂಟರ್‌ನ್ಯಾಷನಲ್ ಬುಕರ್. ಅರುಂಧತಿ ರಾಯ್ ಅವರಿಗೆ 1997ರಲ್ಲಿ ಬಂದಿದ್ದು ಬುಕರ್, ಅದು ನೇರವಾಗಿ ಇಂಗ್ಲಿಷ್‌ನಲ್ಲಿ ಬರೆದ ಕಾದಂಬರಿಗೆ. ಆಯ್ಕೆಗಳಲ್ಲಿ ಇವೆರಡನ್ನೇ ಕಲಸಿಬಿಡಬಹುದು. ಮನೆಗೆ ಕನ್ನಡ ಪೇಪರ್ ತರಿಸೋರು ಇನ್ನೊಂದು ನೆನಪಿಡಿ, ಪಿಒ ಪ್ರಶ್ನೆಪತ್ರಿಕೆ ಇರೋದು ಇಂಗ್ಲಿಷ್, ಹಿಂದಿಯಲ್ಲಿ. ‘ನಗದು ಮೀಸಲು ಅನುಪಾತ’ ಅಂತ ಓದಿದ್ದನ್ನ ಕ್ಯಾಶ್ ರಿಸರ್ವ್ ರೇಶಿಯೋ ಅಂತಲೇ ಬರೆದುಕೊಳ್ಳಿ. ಇಲ್ಲದಿದ್ದರೆ ಗೊತ್ತಿರೋ ಉತ್ತರವೇ ಅಪರಿಚಿತರ ಹಾಗೆ ಎದುರು ನಿಂತಿರುತ್ತೆ.

ಲೋಕಲ್‌ನಲ್ಲಿ ನಿಂತಾಗ ಫೋನ್ ತೆಗೆಯೋಕೂ ಜಾಗ ಇರಲ್ಲ. ಇರಲಿ, ಬೆಳಿಗ್ಗೆ ಬರೆದ ಐದು ಸಾಲು ನೋಡದೆ ನೆನಪಿಸಿಕೊಳ್ಳಿ. ಮೂರಾದರೂ ಬರಬೇಕು. ವಾರದಲ್ಲಿ ಎರಡು ಮೂರು ದಿನ ಮೂರಕ್ಕಿಂತ ಕಡಿಮೆ ಬಂದರೆ ಸಾಲುಗಳು ಉದ್ದ ಆಗಿವೆ ಅಂತ ಅರ್ಥ, ಮುಂದಿನ ವಾರ ಮೂರೇ ಸಾಲು ಬರೀರಿ. ಭಾನುವಾರ ನಲವತ್ತು ನಿಮಿಷ ವಾರದ್ದೆಲ್ಲ ಉತ್ತರ ಮುಚ್ಚಿ ನೋಡಿ. ತಪ್ಪಿದ್ದಕ್ಕೆ ಚುಕ್ಕೆ ಹಾಕಿ. ಮೂರು ಚುಕ್ಕೆ ಬಿದ್ದಿದ್ದನ್ನ ಮೇನ್ಸ್‌ನ ಹಿಂದಿನ ವಾರಕ್ಕೆ ಬೇರೆ ಹಾಳೆಗೆ ಎತ್ತಿಡಿ.

ಒಂದು ದಿನ ತಪ್ಪಿದರೆ? ಬಿಟ್ಟುಬಿಡಿ. ನಿನ್ನೆಯ ಪೇಪರ್ ಇವತ್ತು ಓದಬೇಡಿ. ಎರಡು ದಿನದ ಪೇಪರ್ ಸೇರಿದರೆ ಎಪ್ಪತ್ತು ನಿಮಿಷ, ಅದು ಗಣಿತದಿಂದಲೇ ಹೋಗೋದು. ತಿಂಗಳ ಕೊನೆಗೆ ಯಾವುದಾದರೂ ಒಂದು, ಒಂದೇ ಒಂದು, ಮಾಸಿಕ ಸಂಕಲನ ತೆಗೆದುಕೊಂಡು ತಪ್ಪಿದ ದಿನಗಳನ್ನ ಮಾತ್ರ ಅದರಲ್ಲಿ ಹುಡುಕಿ. ನಮ್ಮಕ್ಕನ ಮಗಳು ಜೂನ್‌ನಲ್ಲಿ ಜ್ವರ ಬಂದು ಆರು ದಿನ ಪೇಪರ್ ಮುಟ್ಟಿರಲಿಲ್ಲ. ಜೂನ್ 30ರ ರಾತ್ರಿ ಆ ಆರು ದಿನದಿಂದ ಅವಳು ಆರಿಸಿ ಬರೆದುಕೊಂಡಿದ್ದು ಒಟ್ಟು ಹನ್ನೊಂದು ಸಾಲು, ಹಿಡಿದಿದ್ದು ಇಪ್ಪತ್ತೈದು ನಿಮಿಷ.