ಅಡುಗೆಮನೆಯ ಎರಡು ನಕ್ಷೆಗಳು

ಮನೆ ಕಟ್ಟಿಸಲು ಹೊರಟ ಪರಿಚಿತರೊಬ್ಬರು ಈಚೆಗೆ ಅಡುಗೆಮನೆಯ ಎರಡು ನಕ್ಷೆಗಳನ್ನು ತಂದು, ಇವುಗಳಲ್ಲಿ ಯಾವುದು ಮೇಲೆಂದು ಕೇಳಿದರು. ಕೋಣೆಯ ಅಳತೆ ಎರಡರಲ್ಲಿಯೂ ಒಂದೇ: ಪೂರ್ವ ಪಶ್ಚಿಮವಾಗಿ 8 ಅಡಿ, ಉತ್ತರ ದಕ್ಷಿಣವಾಗಿ 10 ಅಡಿ. ಬಾಗಿಲು ದಕ್ಷಿಣಕ್ಕೆ, ಕಿಟಕಿ ಉತ್ತರಕ್ಕೆ. ಅಡುಗೆಯ ಭಾರ ಹೊತ್ತವರು ಅವರ ತಾಯಿ. ಐದಡಿ ಎತ್ತರದವರು, ಮೊಣಕಾಲು ನೋವಿನವರು.

ಮೊದಲ ನಕ್ಷೆಯಲ್ಲಿ ಪೂರ್ವ ಪಶ್ಚಿಮದ ಗೋಡೆಗಳೆರಡಕ್ಕೂ ಎರಡಡಿ ಅಗಲದ ಕಟ್ಟೆ. ಒಲೆ ಪೂರ್ವಕ್ಕೆ, ಸಿಂಕು ಅದಕ್ಕೆದುರಾಗಿ ಪಶ್ಚಿಮಕ್ಕೆ. ಎರಡನೆಯದರಲ್ಲಿ ಪೂರ್ವದ ಕಟ್ಟೆಯೇ ಮೂಲೆಯಲ್ಲಿ ತಿರುಗಿ ಉತ್ತರದ ಗೋಡೆಯನ್ನು ಹಿಡಿಯುತ್ತದೆ. ಸಿಂಕು ಕಿಟಕಿಯ ಕೆಳಗೆ.

ನಕ್ಷೆಯನ್ನು ಬರಿದೆ ನೋಡಿದರೆ ಸಾಲದು, ಪೆನ್ಸಿಲಿನಿಂದ ಅದರಲ್ಲಿ ಅಡುಗೆ ಮಾಡಬೇಕು. ಅಕ್ಕಿ ತೊಳೆದು ಒಲೆಗೆ, ಮರಳಿ ಬೇಳೆ ತೊಳೆಯಲು, ತರಕಾರಿಗೆ, ಕೊನೆಗೆ ಗಂಜಿ ಬಸಿಯಲು, ಹೀಗೆ ಹೋಗಿಬಂದಂತೆಲ್ಲ ಒಂದೊಂದು ಗೆರೆ. ನಾವು ಎಳೆದಾಗ ಒಂದು ಹೊತ್ತಿನ ಅಡುಗೆಗೆ ಎಂಟು ಗೆರೆಗಳಾದವು. ಮೊದಲ ನಕ್ಷೆಯಲ್ಲಿ ಎಂಟೂ ನಡುವಿನ ನಾಲ್ಕಡಿ ಬಯಲನ್ನು ದಾಟಿದವು. ಕುದಿವ ಗಂಜಿಯ ಪಾತ್ರೆಯನ್ನು ಹಿಡಿದು ಹಿಂದಕ್ಕೆ ತಿರುಗಬೇಕು, ಆಗಲೇ ಮಗುವೊಂದು ಒಳಬಂದರೆ! ಎರಡನೆಯದರಲ್ಲಿ ಒಂದು ಹೆಜ್ಜೆ; ಪಾತ್ರೆಯನ್ನು ಕಟ್ಟೆಯ ಮೇಲೆಯೇ ಇಳಿಸಿ ಸರಿಸಬಹುದು. ಆದರೆ ಒಲೆಗೂ ಸಿಂಕಿಗೂ ನಡುವೆ ಒಂದೂವರೆ ಅಡಿಯಾದರೂ ಬರಿಯ ಕಟ್ಟೆ ಉಳಿಯಬೇಕು. ಇಲ್ಲವಾದರೆ ಕಾದ ಎಣ್ಣೆಗೆ ನೀರು ಸಿಡಿದೀತು.

“ಸಾಮಾನು ಇಡಲು ಜಾಗವೇ ಕಡಿಮೆಯಾಯಿತಲ್ಲ!” ಎಂದರು ತಾಯಿ. ಮಾತು ನಿಜ. ಮೊದಲನೆಯದರಲ್ಲಿ 20 ಅಡಿ ಉದ್ದದ ಕಟ್ಟೆ. ಎರಡನೆಯದರಲ್ಲಿ 16, ಅದರಲ್ಲಿಯೂ ಮೂಲೆಯ ಕೆಳಗಿನ ಎರಡಡಿ ಚೌಕಕ್ಕೆ ಕೈ ಸಲೀಸಾಗಿ ಎಟುಕದು. ಆದರೆ ಪಶ್ಚಿಮದ ಗೋಡೆಯಲ್ಲಿ 8 ಅಡಿ ತೆರವಾಗಿದೆಯಷ್ಟೆ. ಅಲ್ಲಿ ಒಂದಡಿ ಅಗಲದ ನಾಲ್ಕು ಹಲಗೆಗಳನ್ನು ಹಾಕಿಸಿದರೆ 32 ಅಡಿ ದೊರೆಯಿತು; ಓಡಾಟಕ್ಕೆ ಐದಡಿ ಉಳಿಯಿತು. ಎರಡಡಿ ಆಳದ ಗೂಡಿನಲ್ಲಿ ಹಿಂದಿನ ಡಬ್ಬಿಯನ್ನು ತೆಗೆಯಲು ಮುಂದಿನ ಮೂರನ್ನು ಕೆಳಗಿಡಬೇಕು. ಒಂದಡಿಯದರಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಕೆಳಗಿನ ಹಲಗೆ ಮೊಣಕಾಲಿಗಿಂತ ಮೇಲಿರಲಿ, ಮೇಲಿನದು ಐದೂವರೆ ಅಡಿಯನ್ನು ಮೀರದಿರಲಿ. ಕೊಪ್ಪರಿಗೆ, ಹಬ್ಬದ ಪಾತ್ರೆಗಳು ಅಟ್ಟಕ್ಕೆ ಹೋಗಲಿ.

ಮೇಲಿನಿಂದ ನೋಡಿದಂತೆ ಬರೆದ ನಕ್ಷೆಯಲ್ಲಿ ಎತ್ತರವು ಕಾಣುವುದೇ ಇಲ್ಲ. ಆ ತಾಯಿಯ ಮೊಣಕೈ ನೆಲದಿಂದ 38 ಅಂಗುಲ. ಹೆಚ್ಚಲು, ತೊಳೆಯಲು ಕಟ್ಟೆಯು ಅದಕ್ಕಿಂತ ನಾಲ್ಕಂಗುಲ ತಗ್ಗಿದ್ದರೆ ಹಿತ. ಅದೇ ಕಟ್ಟೆಯ ಮೇಲೆ ಐದಂಗುಲದ ಗ್ಯಾಸ್ ಒಲೆ, ಒಲೆಯ ಮೇಲೆ ಪಾತ್ರೆ ಏರಿದರೆ, ಸೌಟು ಆಡಿಸಲು ಭುಜವನ್ನೆತ್ತಬೇಕು. ಒಲೆಯಿಡುವ ಭಾಗವನ್ನಷ್ಟೇ ನಾಲ್ಕಂಗುಲ ತಗ್ಗಿಸಿದರೆ ಒಲೆಯ ಮೈ ಕಟ್ಟೆಗೆ ಹೆಚ್ಚುಕಡಮೆ ಸಮನಾಗುತ್ತದೆ, ಪಾತ್ರೆಯನ್ನು ಸರಿಸುವುದೂ ಸುಲಭ. ಎರಡನೆಯ ನಕ್ಷೆಯನ್ನೇ ಆರಿಸಿ, ಅಂಚಿನಲ್ಲಿ ಈ ತಗ್ಗಿನ ಅಳತೆಯನ್ನು ಬರೆದುಕೊಟ್ಟೆ. ಕಲ್ಲುಚಪ್ಪಡಿ ಕೂರಿಸುವ ಮೊದಲೇ ಗಾರೆಯವನಿಗೆ ಅದನ್ನು ತೋರಿಸಬೇಕೆಂದೂ ಹೇಳಿದೆ.