ತೆರೆದ ಬಾವಿಯ ನೀರೇರಿಕೆ ಮತ್ತು ಪಂಪಿನ ಹೊತ್ತು



ಏಪ್ರಿಲ್ ತಿಂಗಳಲ್ಲಿ ಅಡಿಕೆ ತೋಟಕ್ಕೂ ಅಡುಗೆಮನೆಗೂ ಒಂದೇ ಬಾವಿಯ ನೀರು ಸಾಲಬೇಕಾದ ಮನೆಗಳು ಮಲೆನಾಡಿನಲ್ಲಿ ಕಡಿಮೆಯೇನಿಲ್ಲ. ಅಂಥ ಬಾವಿಯ ಪಂಪನ್ನು ದಿನಕ್ಕೆ ಎಷ್ಟು ಹೊತ್ತು ನಡೆಸಬಹುದೆಂಬುದನ್ನು ಪಂಪಿನ ಅಶ್ವಶಕ್ತಿ ಹೇಳಲಾರದು. ಪಂಪು ನಿಂತ ಮೇಲೆ ನೀರು ಮರಳಿ ಏರುವ ಬಗೆಯೇ ಅದನ್ನು ತಿಳಿಸುತ್ತದೆ.

ಜಂಬಿಟ್ಟಿಗೆಯಲ್ಲಿ ತೋಡಿದ, 4 ಮೀಟರ್ ವ್ಯಾಸದ ದುಂಡು ಬಾವಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದರಲ್ಲಿ ಒಂದು ಮೀಟರ್ ಎತ್ತರದ ನೀರೆಂದರೆ ಸುಮಾರು 12,500 ಲೀಟರ್. ಹಿಂದಿನ ದಿನವಿಡೀ ಪಂಪು ನಡೆಸದೆ, ಬೆಳಗಿನ ಜಾವ ಬಾವಿಕಟ್ಟೆಯಿಂದ ಅಳತೆಪಟ್ಟಿ ಇಳಿಸಿ ನೀರಿನ ಮಟ್ಟವನ್ನು ಗುರುತು ಹಾಕಿಕೊಳ್ಳಬೇಕು. 200 ಲೀಟರಿನ ಡ್ರಮ್ಮು 40 ಸೆಕೆಂಡಿನಲ್ಲಿ ತುಂಬಿದರೆ ಪಂಪು ಗಂಟೆಗೆ 18,000 ಲೀಟರ್ ಎತ್ತುತ್ತದೆ. ಈ ಬಾವಿಯಲ್ಲಿ 1 ಗಂಟೆ 36 ನಿಮಿಷಕ್ಕೆ ನೀರು 2 ಮೀಟರ್ ಇಳಿಯಿತು, ಪಂಪು ನಿಲ್ಲಿಸಲಾಯಿತು. ಎತ್ತಿದ್ದು 28,800 ಲೀಟರ್. ಅದರಲ್ಲಿ ಸುಮಾರು 25,000 ಬಾವಿಯಲ್ಲಿ ನಿಂತಿದ್ದ ನೀರು, ಉಳಿದದ್ದು ಮಾತ್ರ ಆ ಹೊತ್ತಿನಲ್ಲಿ ಬಂದ ಒರತೆ.

ಇನ್ನು ಮುಖ್ಯ ಕೆಲಸ. ಮೊದಲ ಗಂಟೆಯಲ್ಲಿ ಹತ್ತು ನಿಮಿಷಕ್ಕೊಮ್ಮೆ, ಬಳಿಕ ಅರ್ಧ ಗಂಟೆಗೊಮ್ಮೆ ಮಟ್ಟ ಅಳೆಯಬೇಕು. ಇಲ್ಲಿ ಮೊದಲ 4 ಗಂಟೆಗಳಲ್ಲಿ ಒಂದು ಮೀಟರ್ ಏರಿತು. ಮುಂದಿನ 4 ಗಂಟೆಗಳಲ್ಲಿ ಅರ್ಧ ಮೀಟರ್, ಅದರ ಮುಂದಿನ 4ರಲ್ಲಿ ಕಾಲು ಮೀಟರ್. ಸುತ್ತಲಿನ ನೆಲದ ನೀರಿಗೂ ಬಾವಿಯ ನೀರಿಗೂ ಇರುವ ಮಟ್ಟದ ಅಂತರವೇ ಒರತೆಯನ್ನು ತಳ್ಳುವ ಬಲ; ಅಂತರ ಕುಗ್ಗಿದಷ್ಟೂ ಒರತೆ ಕುಗ್ಗುತ್ತದೆ. ಆದ್ದರಿಂದ ಇಳಿದ ನೀರಿನ ಅರ್ಧ ಮರಳಲು ಹಿಡಿದ 4 ಗಂಟೆಯೇ ಈ ಬಾವಿಯ ಗುಟ್ಟು.

ಎರಡು ಮೀಟರಿನ ಮಿತಿಗೂ ಕಾರಣವಿದೆ: ಈ ಬಾವಿಯಲ್ಲಿ ಅದರ ಕೆಳಗೆ ಶೇಡಿ ಮಣ್ಣಿನ ಪದರವಿದೆ, ನೀರು ಥಟ್ಟನೆ ತಗ್ಗಿದರೆ ಅದು ಕುಸಿಯುತ್ತದೆ. ಈ ಮಿತಿಯೊಳಗೆ ದಿನಕ್ಕೊಮ್ಮೆ ಒಂದೂವರೆ ಗಂಟೆ ಪಂಪು ನಡೆಸಿದರೆ ಮರುದಿನಕ್ಕೆ ಬಾವಿ ಬಹುತೇಕ ತುಂಬಿರುತ್ತದೆ. ಬೆಳಿಗ್ಗೆ 6ಕ್ಕೊಮ್ಮೆ, ಸಂಜೆ 6ಕ್ಕೊಮ್ಮೆ ನಡೆಸುವುದಾದರೆ ಸರದಿ ಆರಂಭವಾಗುವಾಗ ನೀರು ಸುಮಾರು ಒಂದಡಿ ಕೆಳಗಿರುತ್ತದೆ. ಆಗ ಪ್ರತಿ ಸರದಿಗೆ 1 ಗಂಟೆ 20 ನಿಮಿಷ ಮಾತ್ರ. ಆದರೂ ದಿನದ ಒಟ್ಟು ನೀರು 48,000 ಲೀಟರ್ ಆಗುತ್ತದೆ. ತಗ್ಗಿದ ಬಾವಿಗೆ ಒರತೆ ಹೆಚ್ಚು ಬರುವುದರ ಫಲವಿದು. ಒಂದೇ ಉಸಿರಿಗೆ ಮೂರು ಗಂಟೆ ನಡೆಸಿದರೆ ಮಾತ್ರ ಶೇಡಿ ಬಯಲಾಗುತ್ತದೆ.

ಅಳತೆ ಮೋಸ ಮಾಡುವುದೂ ಉಂಟು. ಫುಟ್‌ವಾಲ್ವ್ ಸೋರಿ ಪೈಪಿನ ನೀರು ಬಾವಿಗೇ ಮರಳಿದರೆ ಮೊದಲ ಕೆಲವು ನಿಮಿಷಗಳ ಏರಿಕೆ ಸುಳ್ಳಾಗುತ್ತದೆ. ಎರಡನೆಯ ಅರ್ಧಕ್ಕೆ 4ರ ಬದಲು 6-7 ಗಂಟೆ ಹಿಡಿದರೆ ಸುತ್ತಲಿನ ನೆಲವೇ ಬಸಿದಿದೆ ಎಂದರ್ಥ, ಇಲ್ಲವೇ ನೆರೆಯ ಪಂಪು ನಡೆಯುತ್ತಿದೆ. ಡಿಸೆಂಬರಿನಲ್ಲಿ ಪಡೆದ ಲೆಕ್ಕ ಏಪ್ರಿಲಿಗೆ ಹೊಂದದು. ಬೇಸಿಗೆಯ ಕೊನೆಯಲ್ಲಿ ಮತ್ತೆ ಅಳೆಯಬೇಕು. ಎರಡು ಸರದಿ ನಡೆಸುವಾಗ ಬೆಳಗಿನ ಮಟ್ಟ ಆ ಒಂದಡಿಗಿಂತ ದಿನೇ ದಿನೇ ಕೆಳಗಿಳಿಯುತ್ತಿದ್ದರೆ, ಸಂಜೆಯ ಸರದಿಯನ್ನು ಅಂದೇ ಕೈಬಿಡಬೇಕು.