ನಾಯಿ ಸಿಕ್ಕಿದ್ದು ಸೋಮವಾರ, ಪೋಸ್ಟರ್ ಕಂಡಿದ್ದು ಸಂಜೆ: ಲಾ ಪೇಪರಲ್ಲಿ ಅಂಕ ಎಲ್ಲಿ ಹೋಗುತ್ತೆ?

ಲಾ ಓದೋರು ನನ್ನನ್ನ ಪದೇ ಪದೇ ಕೇಳೋದು ಇದನ್ನೇ: "ಸರ್, ಸೆಕ್ಷನ್ ಬರೆದೆ, ಕೇಸ್ ಬರೆದೆ. ಹತ್ತಕ್ಕೆ ಮೂರೇ ಯಾಕೆ?" ಒಂದು ಪ್ರಶ್ನೆ ಇಟ್ಕೊಂಡೇ ನೋಡೋಣ.

ಸೋಮವಾರ ಬೆಳಿಗ್ಗೆ ಮಂಜುಗೆ ರಸ್ತೇಲಿ ಒಂದು ಸಾಕುನಾಯಿ ಸಿಗುತ್ತೆ. ಮನೆಗೆ ಕರ್ಕೊಂಡು ಹೋಗ್ತಾನೆ. ಸಂಜೆ ಪೋಸ್ಟರ್ ಕಾಣುತ್ತೆ: "ನಾಯಿಯನ್ನು ತಂದುಕೊಟ್ಟವರಿಗೆ 5,000 ರೂಪಾಯಿ." ಮಂಗಳವಾರ ತಂದುಕೊಡ್ತಾನೆ. ಮಾಲೀಕರು ದುಡ್ಡು ಕೊಡಲ್ಲ ಅಂತಾರೆ. ಮಂಜುಗೆ ಬಹುಮಾನ ಸಿಗುತ್ತಾ?

ನನ್ನ ಲೆಕ್ಕ ಹೀಗೆ: ಇಶ್ಯೂಗೆ 2, ರೂಲ್‌ಗೆ 3, ಅಪ್ಲಿಕೇಶನ್‌ಗೆ 4, ಕನ್‌ಕ್ಲೂಷನ್‌ಗೆ 1. ಬೇರೆ ಮೇಷ್ಟ್ರ ಲೆಕ್ಕ ಬೇರೆ ಇರಬಹುದು.

ಮೊದಲ ಪೇಪರ್. ಇಶ್ಯೂ: "ಇಲ್ಲಿ ಒಪ್ಪಂದ ಇದೆಯೇ?" ಇದು ಯಾವ ಪ್ರಶ್ನೆಗಾದ್ರೂ ಹೊಂದುತ್ತೆ, ಅದಕ್ಕೇ 1. ನಿಜವಾದ ಇಶ್ಯೂ ಏನಂದ್ರೆ, ನಾಯಿ ಸಿಕ್ಕ ಮೇಲೆ, ಆದ್ರೆ ತಲುಪಿಸೋಕೆ ಮೊದಲು ಬಹುಮಾನದ ವಿಷಯ ಗೊತ್ತಾದ್ರೆ, ತಂದುಕೊಟ್ಟಿದ್ದು ಒಪ್ಪಿಗೆ ಆಗುತ್ತಾ ಅನ್ನೋದು. ರೂಲ್ ಚೆನ್ನಾಗಿದೆ: 1872ರ ಕರಾರು ಕಾಯ್ದೆಯ ಸೆಕ್ಷನ್ 8, ಆಮೇಲೆ 1913ರ ಅಲಹಾಬಾದ್ ಹೈಕೋರ್ಟಿನ ಲಾಲ್‌ಮನ್ ಶುಕ್ಲಾ ಕೇಸ್, ಒಂದು ಪುಟ ಪೂರ್ತಿ. ಅದಕ್ಕೆ 2. ಅದಾದ್ಮೇಲೆ ಒಂದೇ ಸಾಲು: "ಅದೇ ರೀತಿ ಮಂಜುವಿಗೂ ಬಹುಮಾನ ಸಿಗುವುದಿಲ್ಲ."

ಆ "ಅದೇ ರೀತಿ" ಅನ್ನೋ ಪದದ ಕೆಳಗೆ ನಾನು ಗೆರೆ ಎಳೀತೀನಿ. ಯಾವ ರೀತಿ? ಲಾಲ್‌ಮನ್ ಒಬ್ಬ ನೌಕರ. ಮನೆ ಬಿಟ್ಟು ಹೋದ ಹುಡುಗನನ್ನ ಹುಡುಕೋಕೆ ಮಾಲೀಕನೇ ಕಳಿಸಿದ್ದ. ಬಹುಮಾನದ ವಿಷಯ ಅವನಿಗೆ ಗೊತ್ತಾಗಿದ್ದು ಹುಡುಗ ಸಿಕ್ಕ ಮೇಲೆ, ಕೆಲಸ ಮುಗಿದ ಮೇಲೆ. ಮಂಜು ಯಾರ ನೌಕರನೂ ಅಲ್ಲ, ತಲುಪಿಸೋ ಕೆಲಸ ಇನ್ನೂ ಬಾಕಿ ಇತ್ತು. ಇದ್ಯಾವುದೂ ಪೇಪರಲ್ಲಿಲ್ಲ. ಅಪ್ಲಿಕೇಶನ್ ಸೊನ್ನೆ. ಕಾರಣ ಇಲ್ಲದ ಕನ್‌ಕ್ಲೂಷನ್‌ಗೂ ಸೊನ್ನೆ. ಒಟ್ಟು 3.

ಎರಡನೇ ಪೇಪರ್ ಹುಡುಗಿಗೆ ಕೇಸಿನ ವರ್ಷವೇ ನೆನಪಿಲ್ಲ. ಆದ್ರೆ ಹೀಗೆ ಬರೆದಿದ್ದಾಳೆ: ಪೋಸ್ಟರ್ ಕೇಳಿದ್ದು "ತಂದುಕೊಡಿ" ಅಂತ, "ಹುಡುಕಿ" ಅಂತ ಅಲ್ಲ. ತಂದುಕೊಟ್ಟಿದ್ದು ಮಂಗಳವಾರ, ಗೊತ್ತಿದ್ದೇ. ಲಾಲ್‌ಮನ್ ಕೇಸ್ ಯಾಕೆ ಬೇರೆ ಅನ್ನೋದೂ ಇದೆ. ಹಾಗಾಗಿ ಬಹುಮಾನ ಸಿಗಬೇಕು. ರೂಲಲ್ಲಿ ಒಂದು ಅಂಕ ಹೋಯ್ತು, ಉಳಿದಿದ್ದೆಲ್ಲ ಪೂರ್ತಿ. 9.

ಮೂರನೇ ಹುಡುಗ "ಸಿಗಲ್ಲ" ಅಂತಾನೆ, ಆದ್ರೆ ಕಾರಣ ಕೊಡ್ತಾನೆ. ಸೆಕ್ಷನ್ 71ರ ಪ್ರಕಾರ ಸಿಕ್ಕ ವಸ್ತುವನ್ನ ಜೋಪಾನ ಮಾಡೋ ಹೊಣೆ ಮಂಜುಗೆ ಮೊದಲೇ ಇತ್ತು, ಲಾಲ್‌ಮನ್‌ಗಿದ್ದ ಕರ್ತವ್ಯದ ಹಾಗೆ. ವಾದ ನಂಗೆ ಒಪ್ಪಿಗೆಯಿಲ್ಲ. ಗೊತ್ತಾದ ಸಮಯದ ವ್ಯತ್ಯಾಸ ಅವನು ಮುಟ್ಟಿಲ್ಲ, ಅದಕ್ಕೆ ಅಪ್ಲಿಕೇಶನ್‌ಗೆ 3. ಆದ್ರೂ ಒಟ್ಟು 8, ಕನ್‌ಕ್ಲೂಷನ್ನಿನ ಒಂದು ಅಂಕವೂ ಸೇರಿ.

ಮೂವರಿಗೂ ರೂಲಲ್ಲಿ ಒಂದು ಅಂಕ ಹೋಗಿದ್ದು ಸೆಕ್ಷನ್ 168 ಬಿಟ್ಟಿದ್ದಕ್ಕೆ. ಕಳೆದ ವಸ್ತು ವಾಪಸ್ ಕೊಟ್ಟವರಿಗೆ ಇಷ್ಟು ಅಂತ ಮಾಲೀಕರು ಘೋಷಿಸಿದ್ರೆ, ಸಿಕ್ಕವರು ಅದಕ್ಕೆ ದಾವೆ ಹಾಕಬಹುದು, ಬಹುಮಾನ ಬರೋವರೆಗೂ ವಸ್ತುವನ್ನ ಇಟ್ಕೊಳ್ಳಬಹುದು. ಮಂಜು ಕೈಯಲ್ಲಿ ಸೋಮವಾರ ಸಂಜೆ ನಾಯಿ ಇನ್ನೂ ಇತ್ತು, ನೋಡಿ.